ಪೇರೆಂಟ್ಸ್ ಮೀಟಿಂಗ್‌ಗೆ ಹೋಗೋ ಮುಂಚೆ ಒಂದು ಹಾಳೆ ಬರೆದುಕೊಳ್ಳಿ

ಮಗು ಓದುವುದರಲ್ಲಿ ಹಿಂದಿದೆ ಎಂದು ಗೊತ್ತಿರುವ ತಾಯಿಗೆ ಪೇರೆಂಟ್ಸ್ ಮೀಟಿಂಗ್ ದಿನ ಹತ್ತಿರ ಬಂದರೆ ಎದೆ ಢವಢವ. ಟೀಚರ್ ಮುಂದೆ ಕೂತಾಗ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ‘ಓದೋದೇ ಇಲ್ಲ ಮಿಸ್, ಬರೀ ಟಿ.ವಿ., ಸೋಮಾರಿ’ ಎಂದು ನಾವು, ‘ಮನೇಲಿ ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ’ ಎಂದು ಅವರು. ಅಲ್ಲಿಗೆ ಮುಗಿಯಿತು. ಯಾವ ಪ್ರಾಕ್ಟೀಸ್, ಎಷ್ಟು ಹೊತ್ತು, ಯಾವುದರದ್ದು? ಇಬ್ಬರೂ ಕೇಳುವುದಿಲ್ಲ.

ಇನ್ನು ಕೆಲವು ತಾಯಂದಿರು ಮಗುವನ್ನು ಬಿಟ್ಟುಕೊಡಬಾರದೆಂದು, ‘ಡ್ಯಾನ್ಸ್ ಚೆನ್ನಾಗಿ ಮಾಡ್ತಾಳೆ, ತುಂಬಾ ಚುರುಕು, ಆದ್ರೆ ಓದೋದು ಮಾತ್ರ...’ ಎನ್ನುತ್ತಾರೆ. ಆ ‘ಆದ್ರೆ’ ಬಂದ ಕೂಡಲೇ ಮುಂಚೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಡ್ಯಾನ್ಸ್ ಒಳ್ಳೆಯದೇ. ಆದರೆ ಓದು ಕಲಿಸಲು ಅದು ಟೀಚರ್‌ಗೆ ಯಾವ ದಾರಿಯನ್ನೂ ತೋರಿಸುವುದಿಲ್ಲ. ನನ್ನ ಅಭಿಪ್ರಾಯವಿಷ್ಟೇ: ಮೀಟಿಂಗ್‌ಗೆ ಒಯ್ಯುವ ಟಿಪ್ಪಣಿಯಲ್ಲಿ ಮಗುವಿಗೆ ಬರುವುದೂ ಬರದಿರುವುದೂ ಎರಡೂ ಓದಿಗೇ ಸಂಬಂಧಿಸಿದ್ದಾಗಿರಬೇಕು. ಬರುವುದು ಏನು ಎಂದು ಬರೆಯುವುದು ಹೊಗಳಿಕೆಗಲ್ಲ, ಕಲಿಸುವುದನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಕ್ಕೆ.

ಇದಕ್ಕೆ ಮನೆಯಲ್ಲೇ ಅರ್ಧ ಗಂಟೆ ಸಾಕು. ಮಗುವಿನ ಕನ್ನಡ ಪುಸ್ತಕದಲ್ಲಿ ಇನ್ನೂ ಪಾಠ ಆಗದ ಒಂದು ಪುಟ ಆರಿಸಿ. ಪಾಠ ಆಗಿದ್ದರೆ ಮಕ್ಕಳು ಬಾಯಿಪಾಠ ಒಪ್ಪಿಸಿಬಿಡುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ನೂರು ಪದ ಎಣಿಸಿ ಗುರುತು ಹಾಕಿ, ಅದರ ಜೆರಾಕ್ಸ್ ನಿಮ್ಮ ಕೈಲಿರಲಿ. ಮಗು ಗಟ್ಟಿಯಾಗಿ ಓದಲಿ. ತಪ್ಪು ಓದಿದ ಪದದ ಮೇಲೆ, ಅದು ಏನೆಂದು ಓದಿತೋ ಹಾಗೇ ಬರೆದುಕೊಳ್ಳಿ. ತಾನೇ ಹಿಂದಕ್ಕೆ ಹೋಗಿ ಸರಿಮಾಡಿಕೊಂಡರೆ ಪಕ್ಕದಲ್ಲಿ ‘ಸ’ ಎಂದು ಹಾಕಿ, ಅದನ್ನು ತಪ್ಪಿಗೆ ಸೇರಿಸಬೇಡಿ. ಸಿಕ್ಕಿಕೊಂಡು ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ ಪದ ಹೇಳಿಕೊಡಿ, ಅದು ತಪ್ಪಿನ ಲೆಕ್ಕಕ್ಕೆ. ಮಧ್ಯೆ ಗದರುವುದು, ತಿದ್ದುವುದು ಬೇಡ.

ಓದಿ ಮುಗಿದ ಮೇಲೆ ‘ಇದರಲ್ಲಿ ಏನಾಯ್ತು ಹೇಳು’ ಎಂದು ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಅಷ್ಟೇ ಉದ್ದದ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ, ಅದೇ ರೀತಿ ಪ್ರಶ್ನೆ ಕೇಳಿ. ಈ ಎರಡನೆಯದನ್ನು ದಯವಿಟ್ಟು ಬಿಡಬೇಡಿ. ಕಿವಿಯಿಂದ ಕೇಳಿದ ಕಥೆ ಚೆನ್ನಾಗಿ ಅರ್ಥವಾಗಿ, ತಾನೇ ಓದಿದ್ದು ಅರ್ಥವಾಗದಿದ್ದರೆ ತೊಡಕಿರುವುದು ಹೆಚ್ಚಾಗಿ ಅಕ್ಷರ ಬಿಡಿಸಿ ಓದುವುದರಲ್ಲಿ. ಕೇಳಿದ ಕಥೆಯೂ ಅರ್ಥವಾಗದಿದ್ದರೆ ಪದಸಂಪತ್ತು, ಮಾತು ಬೆಳೆಯಬೇಕು. ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದೂ ನೋಡಿಸಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು ಉದಾಹರಣೆ ನೋಡೋಣ. ಮೂರನೇ ತರಗತಿಯ ಒಬ್ಬ ಹುಡುಗಿ ನೂರು ಪದ ಓದಲು 3 ನಿಮಿಷ 20 ಸೆಕೆಂಡ್ ತೆಗೆದುಕೊಂಡಳು ಎನ್ನಿ. 16 ತಪ್ಪು. ನಿಮಿಷಕ್ಕೆ ಸುಮಾರು 25 ಪದ ಸರಿಯಾಗಿ ಓದಿದಂತಾಯಿತು. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿ ಮುಗಿಯುವಷ್ಟರಲ್ಲಿ ನಿಮಿಷಕ್ಕೆ 60 ಪದದ ಗುರಿ ಇಟ್ಟಿದೆ. ಆದರೆ ನಮ್ಮ ‘ಹೋಗುತ್ತಿದ್ದರು’ವಿನಂಥ ಉದ್ದನೆಯ ಪದಗಳಿಗೆ ಹೊತ್ತು ಜಾಸ್ತಿ ಬೇಕು. ಹಾಗಾಗಿ ಈ ಸಂಖ್ಯೆಯನ್ನು ಮಗುವಿನ ಮುಂದಿನ ಓದಿನ ಜತೆ ಹೋಲಿಸಲು ಇಟ್ಟುಕೊಳ್ಳಿ, ಗಾಬರಿಯಾಗಲು ಅಲ್ಲ.

ಎಷ್ಟು ತಪ್ಪು ಎನ್ನುವುದಕ್ಕಿಂತ ಎಂಥ ತಪ್ಪು ಎನ್ನುವುದು ಮುಖ್ಯ. ಈ ಹುಡುಗಿಯ 16ರಲ್ಲಿ 11 ಒತ್ತಕ್ಷರದ್ದು. ಅದರಲ್ಲೂ ‘ಅಕ್ಕ’, ‘ಹಳ್ಳಿ’, ‘ಬೆಟ್ಟ’ ಇವೆಲ್ಲ ಸಲೀಸು. ‘ಪುಸ್ತಕ’ ಮಾತ್ರ ‘ಪುಸಕ’, ‘ರಾತ್ರಿ’ ‘ರಾತಿ’. ಅಂದರೆ ಸಜಾತೀಯ ಒತ್ತು ಬರುತ್ತದೆ, ಬೇರೆ ಅಕ್ಷರದ ಒತ್ತು ಬಂದರೆ ಬಿಟ್ಟುಹೋಗುತ್ತದೆ. ಮೂರು ತಪ್ಪು ಹ್ರಸ್ವ ದೀರ್ಘದ್ದು, ‘ಬೇಲಿ’ಗೆ ‘ಬೆಲಿ’ ಎಂದಂತೆ. ಉಳಿದೆರಡು ಮೊದಲಕ್ಷರ ನೋಡಿ ಊಹಿಸಿದ್ದು, ‘ಮನೆಯಲ್ಲಿ’ಗೆ ‘ಮರದಲ್ಲಿ’. ನಾಲ್ಕು ಕಡೆ ತಾನೇ ತಿದ್ದಿಕೊಂಡಳು. ಅಮ್ಮ ಓದಿ ಹೇಳಿದ ಕಥೆಯನ್ನಂತೂ ಮೊದಲಿಂದ ಕೊನೆತನಕ ಕ್ರಮವಾಗಿ ಹೇಳಿದಳು.

ಈಗ ಇವಳ ಅಮ್ಮನ ಹಾಳೆ ಹೀಗಿರಬಹುದು:

ಬರುವುದು: ಕಾಗುಣಿತ ಬಹುಪಾಲು ಸರಿ. ಸಜಾತೀಯ ಒತ್ತು ಓದುತ್ತಾಳೆ. ಅರ್ಥ ಕೂಡದಿದ್ದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಾಳೆ, ನೂರು ಪದದಲ್ಲಿ 4 ಸಲ. ಕೇಳಿದ ಕಥೆ ಪೂರ್ತಿ ಅರ್ಥವಾಗುತ್ತದೆ.

ತೊಡಕು: 16 ತಪ್ಪಿನಲ್ಲಿ 11 ಬೇರೆ ಅಕ್ಷರದ ಒತ್ತಿನವು. 3 ಹ್ರಸ್ವ ದೀರ್ಘ. ಓದು ನಿಧಾನ, ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ.

ಕೇಳಬೇಕಾದ್ದು: ಕ್ಲಾಸಿನಲ್ಲೂ ಹೀಗೇನಾ? ಯಾವ ಒತ್ತಿನಿಂದ ಶುರು ಮಾಡಲಿ? ನೀವು ಏನು ಮಾಡುತ್ತೀರಿ, ನಾನು ಏನು ಮಾಡಲಿ? ಮತ್ತೆ ಯಾವತ್ತು ನೋಡೋಣ?

ಗಮನಿಸಿ, ‘ಸೋಮಾರಿ’, ‘ದಡ್ಡಿ’, ‘ಗಮನ ಇಲ್ಲ’ ಎಂಬ ಮಾತೇ ಇಲ್ಲ. ಅಣ್ಣನ ಮಗಳ ಜತೆ ಹೋಲಿಕೆಯೂ ಇಲ್ಲ. ಹಾಗಂತ ತೊಡಕನ್ನು ಮುಚ್ಚಿಟ್ಟಿಲ್ಲ. ಇದನ್ನು ಓದಿದ ಟೀಚರ್ ‘ಪ್ರಾಕ್ಟೀಸ್ ಮಾಡಿಸಿ’ ಎಂದಷ್ಟೇ ಹೇಳಿ ಕಳಿಸುವುದು ಕಷ್ಟ. ‘ಸ್ತ’ ಒತ್ತಿನಿಂದ ಶುರು ಮಾಡಿ ಎಂದಾರು. ಆಗ ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ‘ರಸ್ತೆ’, ‘ವಸ್ತು’, ‘ಪುಸ್ತಕ’, ‘ವಿಸ್ತಾರ’ ಇಷ್ಟೇ. ಸ್, ತ ಬಿಡಿಸಿ ಹೇಳಿಸಿ, ಕೂಡಿಸಿ ಓದಿಸಿ. ಎರಡು ಮೂರು ದಿನಕ್ಕೊಂದು ಒತ್ತು ಸಾಕು. ಆರು ವಾರದ ಮೇಲೆ ಇನ್ನೊಂದು ಹೊಸ ಪುಟ ಇಟ್ಟು ಇದೇ ರೀತಿ ಎಣಿಸಿ.

ಒಂದು ಎಚ್ಚರಿಕೆ. ಒಂದೇ ದಿನದ ಓದು ತೀರ್ಪಲ್ಲ. ನಿದ್ದೆಗೆಟ್ಟ ದಿನ, ನೆಗಡಿ ಬಂದ ದಿನ ಯಾರಿಗಾದರೂ ತೊದಲುತ್ತದೆ. ಬೇರೆ ದಿನ ಇನ್ನೊಂದು ಪುಟ ಓದಿಸಿ, ಎರಡರಲ್ಲೂ ಕಂಡ ತಪ್ಪನ್ನಷ್ಟೇ ಹಾಳೆಗೆ ಬರೆಯಿರಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿರಿ. ಆಮೇಲೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರ ಕೂಡಿಸಲು ಒದ್ದಾಟವಿದ್ದು, ತಿಂಗಳುಗಟ್ಟಲೆ ಕಲಿಸಿದರೂ ಸುಧಾರಣೆ ಕಾಣದಿದ್ದರೆ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರ ಹತ್ತಿರ ನೋಡಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಆದರೆ ಆ ಹೆಸರನ್ನು ನಾವೇ ಮಗುವಿಗೆ ಅಂಟಿಸುವುದು ಬೇಡ. ನಮ್ಮ ಕೆಲಸ ಕಂಡದ್ದನ್ನು ಬರೆಯುವುದು, ಹೆಸರಿಡುವುದು ಅವರ ಕೆಲಸ. ಅಲ್ಲಿಗೂ ಇದೇ ಹಾಳೆ ಒಯ್ಯಿರಿ, ಉಪಯೋಗಕ್ಕೆ ಬರುತ್ತದೆ.

ಮೀಟಿಂಗ್‌ಗೆ ಹೊರಡುವ ಮುಂಚೆ ಹಾಳೆಯನ್ನು ಮಗುವಿಗೂ ಓದಿ ಹೇಳಿ, ‘ಬರುವುದು’ ಕಡೆಯಿಂದ. ತನ್ನ ಬೆನ್ನ ಹಿಂದೆ ಅಮ್ಮ, ಮಿಸ್ ಇಬ್ಬರೂ ದೂರು ಹೇಳಿಕೊಳ್ಳುತ್ತಾರೆ ಎಂಬ ಭಯ ಇರುವುದಿಲ್ಲ. ಒತ್ತಕ್ಷರ ಮಾತ್ರ ಬಾಕಿ ಎಂದು ಮಗುವಿಗೇ ಗೊತ್ತಾದರೆ, ‘ನಂಗೆ ಓದೋಕೇ ಬರಲ್ಲ’ ಎನ್ನುವುದನ್ನು ಬಿಟ್ಟು ‘ಒತ್ತು ಹೇಳ್ಕೊಡಮ್ಮ’ ಎನ್ನುತ್ತದೆ.