ಮೊದಲು ಬಂದವರೋ, ಮೊದಲು ನೋಡಬೇಕಾದವರೋ

ದೊಡ್ಡ ಸರ್ಕಾರಿ ಆಸ್ಪತ್ರೆಯ ಓಪಿಡಿ ಕಿಟಕಿ ತೆರೆಯುವುದಕ್ಕೆ ಎಷ್ಟೋ ಮುಂಚೆ, ಕತ್ತಲಿರುವಾಗಲೇ ಸಾಲು ಶುರುವಾಗಿರುತ್ತದೆ. ನಿಲ್ಲಲಾರದವರು ಚೀಲವನ್ನೋ ನೀರಿನ ಬಾಟಲಿಯನ್ನೋ ಇಟ್ಟು ಜಾಗ ಹಿಡಿದಿರುತ್ತಾರೆ. ಆಮೇಲೆ ಕೈಗೆ ಸಿಗುವುದನ್ನು ಮುಂಬೈಯಲ್ಲಿ ಕೇಸ್ ಪೇಪರ್ ಅನ್ನುತ್ತಾರೆ, ದೆಹಲಿಯಲ್ಲಿ ಪರ್ಚಾ, ನಮ್ಮ ಕಡೆ ಬರೀ ಚೀಟಿ. ಅದರ ಮೇಲಿನ ನಂಬರೇ ಆ ದಿನದ ಕಾನೂನು.

ಈ ಕಾನೂನನ್ನು ಹಗುರವಾಗಿ ಕಾಣಬಾರದು. ಅದರ ದೊಡ್ಡ ಗುಣವೆಂದರೆ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಓದು ಬಾರದವರಿಗೂ, ಪರಭಾಷೆಯ ಊರಿನಲ್ಲಿ ನಿಂತವರಿಗೂ 41ರ ನಂತರ 42 ಬರಬೇಕು ಎಂಬುದು ಗೊತ್ತು. ಕಾರ್ಪೊರೇಟರ್ ಫೋನು ಮಾಡಿಸಿದವರು, ವಾರ್ಡ್ ಬಾಯ್ ಪರಿಚಯದವರು ಪಕ್ಕದ ಬಾಗಿಲಿನಿಂದ ಒಳಗೆ ಹೋಗುವ ಕಡೆ, ಯಾರ ಪರಿಚಯವೂ ಇಲ್ಲದವರಿಗೆ ಇರುವ ರಕ್ಷಣೆ ಇದೊಂದೇ. ಆದ್ದರಿಂದ ನರ್ಸ್ ಯಾರನ್ನಾದರೂ ಮುಂದೆ ಕರೆದರೆ, "ನಾವೇನು ಬೆಳಗಿನಿಂದ ಸುಮ್ನೆ ನಿಂತಿದ್ದೀವಾ?" ಎಂದು ಸಾಲು ಸಿಡಿಯುವುದು ಕಲ್ಲು ಮನಸ್ಸಿನಿಂದಲ್ಲ. ರೋಗಕ್ಕಾಗಿ ಮುಂದೆ ಹೋದವರಿಗೂ ವಶೀಲಿಗಾಗಿ ಹೋದವರಿಗೂ ಹಿಂದಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಆ ನಂಬರು ಅಳೆಯುವುದು ಏನನ್ನು? ಮನೆ ಎಷ್ಟು ಹತ್ತಿರ, ಮೊದಲ ಬಸ್ಸು ಎಷ್ಟು ಹೊತ್ತಿಗೆ, ಸಾಲಿಗೆ ಕಳಿಸಲು ಮನೆಯಲ್ಲಿ ಒಬ್ಬರು ಬಿಡುವಾಗಿದ್ದಾರೆಯೇ ಎಂಬುದನ್ನು. ರೋಗವನ್ನಂತೂ ಅಲ್ಲ.

ಒಂದು ಉದಾಹರಣೆ ಹಾಕಿ ನೋಡಬಹುದು. ಮಕ್ಕಳ ಓಪಿಡಿಯಲ್ಲಿ ಇಬ್ಬರು ಡಾಕ್ಟರು ಒಂಬತ್ತಕ್ಕೆ ಕೂರುತ್ತಾರೆ. ಒಂದು ಮಗುವಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಗಂಟೆಗೆ 30 ಮಕ್ಕಳು. ಏಳು ತಿಂಗಳ, ಆರು ಕೆಜಿ ತೂಕದ ಒಂದು ಮಗುವಿಗೆ ಎರಡು ದಿನದಿಂದ ಭೇದಿ, ರಾತ್ರಿ ಜೋರಾಗಿದೆ. ತಾಯಿ ಬೆಳಗಿನ ಬಸ್ಸು ಹಿಡಿದು ಬಂದು ಮುಟ್ಟುವಾಗ ಒಂಬತ್ತೂವರೆ. ಚೀಟಿ ನಂಬರು 83. ಅವರ ಸರದಿ ಬರುವುದು ಸುಮಾರು 11:45ಕ್ಕೆ. ಮಗು ಅಳುತ್ತಿಲ್ಲ, ಹೆಗಲ ಮೇಲೆ ಮಲಗಿದೆ. ಪಕ್ಕದಲ್ಲಿ ಇನ್ನೊಂದು ಮಗು ಕಿವಿನೋವಿಗೆ ಕಿರುಚುತ್ತಿದೆ. ಯಾರಿಗಾದರೂ ಕನಿಕರ ಬಂದು ದಾರಿ ಬಿಟ್ಟರೆ ಅದಕ್ಕೇ ಬಿಡುತ್ತಾರೆ. ಸಾಲಿನ ಕರುಣೆ ಸದ್ದಿನ ಕಡೆ ಹೋಗುತ್ತದೆ, ಅಪಾಯ ಸದ್ದಿಲ್ಲದ ಕಡೆ ಇರುತ್ತದೆ.

ಚೀಟಿ ಕೊಡುವ ಮುಂಚೆಯೇ ಬಾಗಿಲಲ್ಲಿ ಒಬ್ಬ ನರ್ಸ್ ಇದ್ದರೆ ಕತೆ ಬೇರೆ. ಭೇದಿಯಿರುವ ಮಗುವಿನಲ್ಲಿ ಅವರು ನೋಡಬೇಕಾದದ್ದು ಮೂರು: ಮಗು ಮಂಕಾಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆಯೇ. ಮೂರರಲ್ಲಿ ಎರಡಿದ್ದರೆ ಅದು ತೀವ್ರ ನಿರ್ಜಲೀಕರಣ. ಆ ಮಗು ಡಾಕ್ಟರ ಸಾಲಿಗೆ ಸೇರಿದ್ದೇ ಅಲ್ಲ, ಚಿಕಿತ್ಸೆಯ ಮೇಜಿಗೆ ಸೇರಿದ್ದು. ಮಗುವಿಗೆ ತೀವ್ರ ಅಪೌಷ್ಟಿಕತೆ ಇಲ್ಲದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದ ಪ್ರಕಾರ ಈ ವಯಸ್ಸಿಗೆ ಮೊದಲ ಗಂಟೆಯಲ್ಲಿ ಕೆಜಿಗೆ 30 ಮಿಲಿಲೀಟರ್ ದ್ರವ ನರದ ಮೂಲಕ ಹೋಗಬೇಕು, ಅಂದರೆ 180 ಮಿಲಿಲೀಟರ್. ಅದು ಹತ್ತೂವರೆ, ಹೆಚ್ಚೆಂದರೆ ಹನ್ನೊಂದರೊಳಗೆ ಮುಗಿದಿರಬೇಕಾದ ಕೆಲಸ. ನಂಬರಿನ ನ್ಯಾಯದಲ್ಲಿ ಅದು ಆ ಹೊತ್ತಿಗೆ ಶುರುವೇ ಆಗಿರುವುದಿಲ್ಲ.

ಇದರಿಂದ ಉಳಿದವರಿಗೆ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು. ಒಬ್ಬ ಡಾಕ್ಟರು ಎದ್ದು ಬಂದು ಈ ಮಗುವಿಗೆ 20 ನಿಮಿಷ ಕೊಟ್ಟರೆಂದು ಇಟ್ಟುಕೊಳ್ಳಿ. ಇಬ್ಬರು ಡಾಕ್ಟರಿರುವುದರಿಂದ ಮುಂದಿದ್ದ ಸುಮಾರು 67 ಮಕ್ಕಳ ಸರದಿ ಸರಾಸರಿ ಹತ್ತು ನಿಮಿಷ ತಡವಾಗುತ್ತದೆ. 83ರ ಹಿಂದಿದ್ದವರಿಗೆ ಈ ಜಿಗಿತದಿಂದ ಏನೂ ನಷ್ಟವಿಲ್ಲ, ಆ ಮಗು ಹೇಗೂ ಅವರಿಗಿಂತ ಮುಂದೆಯೇ ಇತ್ತು. ಎರಡು ಗಂಟೆ ಕಾಯುವವರಿಗೆ ಹತ್ತು ನಿಮಿಷ ಕಿರಿಕಿರಿ ಹೌದು. ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ಈ ವಿಂಗಡಣೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 'ಇಟಾಟ್' ಪದ್ಧತಿ ಮಕ್ಕಳನ್ನು ಮೂರೇ ಗುಂಪು ಮಾಡುತ್ತದೆ: ತುರ್ತು, ಆದ್ಯತೆ, ಸಾಲು. ಉಸಿರಾಟಕ್ಕೆ ತೀವ್ರ ತೊಂದರೆ, ಫಿಟ್ಸ್, ಪ್ರಜ್ಞೆ ತಪ್ಪಿರುವುದು, ಕೈಕಾಲು ತಣ್ಣಗಾಗಿ ನಾಡಿ ಕ್ಷೀಣಿಸಿರುವುದು ತುರ್ತು. ಎರಡು ತಿಂಗಳೊಳಗಿನ ಕೂಸು, ಸುಡುವ ಜ್ವರ, ಬಿಳಿಚಿಕೊಂಡ ಅಂಗೈ, ವಿಷಸೇವನೆ, ಸುಟ್ಟಗಾಯ ಇಂಥವು ಆದ್ಯತೆ. ಉಳಿದವರೆಲ್ಲ ಬಂದ ಕ್ರಮದಲ್ಲೇ. ಬಾಗಿಲು ಕಾಯುವವರಿಗೂ ಚೀಟಿ ಬರೆಯುವವರಿಗೂ ತುರ್ತು ಲಕ್ಷಣಗಳನ್ನು ಕಲಿಸಬೇಕೆಂದು ಈ ಪದ್ಧತಿ ಹೇಳುತ್ತದೆ, ಯಾಕೆಂದರೆ ರೋಗಿಯನ್ನು ಮೊದಲು ನೋಡುವವರು ಅವರೇ.

ಮಲಾವಿ ದೇಶದ ಬ್ಲಾಂಟೈರ್ ಎಂಬ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಕ್ಲಿನಿಕ್ಕನ್ನು 2001ರಲ್ಲಿ ಹೀಗೆ ಬದಲಿಸಿದರು. ಅದಕ್ಕೂ ಮೊದಲು ಅಲ್ಲಿ ದಾಖಲಾದ ಮಕ್ಕಳಲ್ಲಿ ಸಾಯುತ್ತಿದ್ದವರು ನೂರಕ್ಕೆ 10ರಿಂದ 18. ಆಮೇಲೆ ಅದು 6ರಿಂದ 8ಕ್ಕೆ ಇಳಿಯಿತು. ಎಲ್ಲವೂ ವಿಂಗಡಣೆಯ ಪುಣ್ಯ ಅನ್ನುವಂತಿಲ್ಲ. ಕಟ್ಟಡದ ಒಳವಿನ್ಯಾಸ ಬದಲಾಯಿತು, ಸಿಬ್ಬಂದಿಗೆ ತುರ್ತು ಚಿಕಿತ್ಸೆಯ ತರಬೇತಿ ಸಿಕ್ಕಿತು, ಓಪಿಡಿ ಮತ್ತು ವಾರ್ಡುಗಳು ಹೊಂದಿಕೊಂಡು ಕೆಲಸ ಮಾಡತೊಡಗಿದವು. ಆರಿಸಿ ಮುಂದೆ ತಂದ ಮಗುವಿಗೆ ಅಲ್ಲಿ ಡ್ರಿಪ್ಪೇ ಇಲ್ಲದಿದ್ದರೆ ಆರಿಸಿ ಏನು ಬಂತು?

ಭಾರತದಲ್ಲಿ ಆದ್ಯತೆ ಇಲ್ಲವೆಂದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಸೆಕ್ಷನ್ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆನ್ನುತ್ತದೆ. ಅದು ಇರಲಿ, ಅರವತ್ತು ದಾಟಿದ ಕಾಲಿಗೆ ನಿಲ್ಲುವುದು ಕಷ್ಟ. ಆದರೆ ಅದು ಸೌಕರ್ಯದ ಮಾತು, ರೋಗದ ತೀವ್ರತೆಯ ಮಾತಲ್ಲ. ಬಿಪಿ ಮಾತ್ರೆ ಬರೆಸಿಕೊಳ್ಳಲು ಬಂದ 62ರ ವ್ಯಕ್ತಿಗೆ ಕುರ್ಚಿ ಬೇಕು. "ಗ್ಯಾಸು ಇರಬೇಕು" ಎಂದು ಎದೆ ಒತ್ತಿಕೊಂಡು ಬೆವರುತ್ತ ನಿಂತ 45ರವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಬೇಕು. ಇವೆರಡನ್ನೂ ಒಂದೇ ಬೋರ್ಡಿನ ಕೆಳಗೆ ತಂದು, ಅದರ ಜೊತೆಗೆ ಸಿಬ್ಬಂದಿಯ ಬಂಧುಗಳನ್ನೂ ಗಣ್ಯರನ್ನೂ ಸೇರಿಸಿದರೆ ಆದ್ಯತೆಯ ಸಾಲೇ ಉದ್ದವಾಗುತ್ತದೆ. ನೂರರಲ್ಲಿ ಐವರು ಮುಂದೆ ಹೋದರೆ ಉಳಿದವರಿಗೆ ಹೆಚ್ಚು ಗೊತ್ತಾಗುವುದಿಲ್ಲ. ನಲವತ್ತು ಮಂದಿ ಹೋದರೆ ಮಾಮೂಲಿ ಚೀಟಿಯವರ ಸರದಿ ಬರುವ ಮೊದಲೇ ಓಪಿಡಿ ಮುಚ್ಚಿರುತ್ತದೆ.

ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂಬತ್ತಕ್ಕೆ 'ಸಾಲು' ಎಂದು ಕಳಿಸಿದ ಮಗು ಹನ್ನೊಂದಕ್ಕೆ 'ತುರ್ತು' ಆಗಿರಬಹುದು. ಆದ್ದರಿಂದ ಬಾಗಿಲಲ್ಲಿ ನೋಡಿ ಬಿಟ್ಟರೆ ಸಾಲದು, ಗಂಟೆಗೊಮ್ಮೆ ಬೆಂಚುಗಳ ನಡುವೆ ಯಾರಾದರೂ ಓಡಾಡಿ ಮತ್ತೆ ನೋಡಬೇಕು.

ಹಾಗಾದರೆ ಆಸ್ಪತ್ರೆಗಳು ಮಾಡಬೇಕಾದದ್ದು ನಂಬರನ್ನು ಕಿತ್ತೊಗೆಯುವುದಲ್ಲ. ನೂರಕ್ಕೆ ತೊಂಬತ್ತು ಮಂದಿಗೆ ಅದೇ ನ್ಯಾಯ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಪಕ್ಕದ ಬಾಗಿಲಿಗೆ ಬೀಗ ಹಾಕಬೇಕು. ಉಳಿದ ಕೆಲವರನ್ನು ಯಾವ ಲಕ್ಷಣಕ್ಕೆ ಮುಂದೆ ಕರೆಯುತ್ತಾರೆಂಬುದನ್ನು ಸಾಲಿನ ಎದುರೇ ದೊಡ್ಡ ಅಕ್ಷರದಲ್ಲಿ, ಚಿತ್ರದೊಂದಿಗೆ ಬರೆದು ಹಾಕಬೇಕು. ಕರೆಯುವಾಗ ನರ್ಸ್ ಬಾಯಿಬಿಟ್ಟು ಹೇಳಬೇಕು: "ಈ ಮಗೂಗೆ ಉಸಿರು ಕಟ್ಟುತ್ತಿದೆ, ಮೊದಲು ಕರ್ಕೊಳ್ತಿದ್ದೀವಿ." ಬೇರೆಯವರ ಕಾಯಿಲೆಯನ್ನು ಸಾರುವುದು ಸರಿಯೇ ಎಂದು ಕೇಳಬಹುದು. ಎಲ್ಲರಿಗೂ ಕಾಣುತ್ತಿರುವ ಲಕ್ಷಣವನ್ನಷ್ಟೇ ಹೇಳಿದರೆ ಸಾಕು, ರೋಗದ ಹೆಸರು ಬೇಕಿಲ್ಲ.

ಪ್ರತಿ ಚೀಟಿಯ ಮೇಲೆ ಎರಡು ಹೊತ್ತು ನಮೂದಾಗಬೇಕು, ಬಂದದ್ದು ಮತ್ತು ಡಾಕ್ಟರು ನೋಡಿದ್ದು. ಓಪಿಡಿಯಿಂದ ದಾಖಲಾಗಿ 24 ಗಂಟೆಯೊಳಗೆ ತೀರಿಕೊಂಡವರ ಚೀಟಿಗಳನ್ನು ತಿಂಗಳಿಗೊಮ್ಮೆ ತೆಗೆದು ಆ ಎರಡು ಹೊತ್ತುಗಳ ನಡುವಿನ ಅಂತರ ನೋಡಿದರೆ, ಸಾಲು ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ಹೊತ್ತೇ ಬರೆಯದ ಆಸ್ಪತ್ರೆಯಲ್ಲಿ 83ನೇ ನಂಬರಿನ ಮಗು ಭೇದಿಯಿಂದ ತೀರಿಕೊಂಡಿತು ಎಂದಷ್ಟೇ ದಾಖಲಾಗುತ್ತದೆ.