ಅಂಕಗಳು ಸಮವಾದಾಗ ತಕ್ಕಡಿ ಯಾರ ಕೈಯಲ್ಲಿ?

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ವಿದ್ಯಾಸಂಸ್ಥೆಯಲ್ಲಿ ಭೌತಶಾಸ್ತ್ರದ ಉಪನ್ಯಾಸಕ ಹುದ್ದೆಗೆ ಬಂದ ಅರ್ಜಿಗಳನ್ನು ಪರಿಶೀಲಿಸಲು ನನ್ನನ್ನೂ ಕರೆದಿದ್ದರು. ಪ್ರತಿಯೊಂದು ಅರ್ಜಿಗೂ ನೂರಕ್ಕೆ ಅಂಕ ಕೊಡುವ ಪದ್ಧತಿಯನ್ನು ಮೊದಲೇ ಗೊತ್ತುಮಾಡಲಾಗಿತ್ತು. ಸ್ನಾತಕೋತ್ತರ ಪರೀಕ್ಷೆಯ ಸಾಧನೆಗೆ 50, ಬೋಧನಾನುಭವಕ್ಕೆ 20, ಪ್ರಯೋಗಾಲಯದ ಅನುಭವಕ್ಕೆ 15, ಅರ್ಹತಾ ಪರೀಕ್ಷೆಗೆ 15. ಎಲ್ಲ ಅರ್ಜಿಗಳನ್ನೂ ಎಣಿಸಿ ಮುಗಿಸಿದಾಗ ಇಬ್ಬರು ಮೊದಲ ಸ್ಥಾನದಲ್ಲಿ ನಿಂತರು. ಒಬ್ಬನು ವಿಜಯಪುರ ನಗರದ ಯುವಕ. ಇನ್ನೊಬ್ಬಳು ಸಿಂದಗಿ ಸೀಮೆಯ ಯಂಕಂಚಿಯ ಯುವತಿ. ಆತನಿಗೆ 36, 14, 6 ಮತ್ತು 15. ಆಕೆಗೆ 39, 18, 14 ಮತ್ತು ಸೊನ್ನೆ. ಎರಡರ ಮೊತ್ತವೂ 71.

ಸಮಿತಿಯ ಹಿರಿಯರೊಬ್ಬರು ಎರಡು ಅರ್ಜಿಗಳನ್ನೂ ಕೈಯಲ್ಲಿ ಹಿಡಿದು, "ಇದಕ್ಯಾಕ ಇಷ್ಟು ವಿಚಾರ ಮಾಡ್ತೀರಿ ಸರ? ನೋಡಿದ ಕೂಡ್ಲೆ ಗೊತ್ತಾಗ್ತದ. ಹುಡುಗ ಚಲೋ ಅದಾನ" ಎಂದರು. ಆಯ್ಕೆ ಅಲ್ಲಿಗೆ ಮುಗಿಯಿತು. ನಾನೂ ತಲೆಯಾಡಿಸಿದೆ. ಮನೆಗೆ ಹಿಂದಿರುಗುವಾಗ ನನ್ನನ್ನು ಒಂದು ಪ್ರಶ್ನೆ ಕಾಡತೊಡಗಿತು: ಅವರು ನೋಡಿದ್ದಾದರೂ ಏನನ್ನು? ಯುವಕನ ಅರ್ಜಿ ಅಂದವಾಗಿ ಮುದ್ರಿತವಾಗಿತ್ತು, ಯುವತಿಯದು ಕೈಬರಹದಲ್ಲಿತ್ತು. ಹಾಗಾದರೆ ನಾವು ಅಳೆದದ್ದು ಭೌತಶಾಸ್ತ್ರದ ಜ್ಞಾನವನ್ನಲ್ಲ, ಗಣಕಯಂತ್ರದ ಅಂಗಡಿಗೆ ಕೊಡಬಲ್ಲ ಹಣವನ್ನು.

ಅಂಕಗಳು ಸಮವಾಗುವುದೆಂದರೆ ಏನು ಎಂಬುದನ್ನು ಮೊದಲು ತಿಳಿಯೋಣ. ಒಂದು ಮಿಲಿಮೀಟರಿಗೆ ಗೀಟು ಹಾಕಿದ ಅಳತೆಪಟ್ಟಿಯಲ್ಲಿ ಎರಡು ಸಲಾಕೆಗಳು ಸಮವೆಂದು ತೋರಿದರೆ ಅವು ನಿಜವಾಗಿ ಸಮವೆಂದು ಹೇಳಲಾಗದು. ಪಟ್ಟಿಯ ಶಕ್ತಿ ಅಲ್ಲಿಗೆ ಮುಗಿಯಿತೆಂದಷ್ಟೇ ಹೇಳಬಹುದು. ಆಗ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಯಂಕಂಚಿಯಂಥ ಹಳ್ಳಿಗಳ ತರುಣರು ಅರ್ಜಿ ಹಾಕುವ ಗ್ರಾಮೀಣ ಡಾಕ್ ಸೇವಕ ಹುದ್ದೆಯನ್ನೇ ನೋಡಿ. ಅದರ ಆಯ್ಕೆ ಹತ್ತನೆಯ ತರಗತಿಯ ಅಂಕಗಳಿಂದ ನಡೆಯುತ್ತದೆ. ಶೇಕಡಾಂಶವನ್ನು ನಾಲ್ಕು ದಶಮಾಂಶಗಳವರೆಗೆ ಲೆಕ್ಕಹಾಕುತ್ತಾರೆ. ಆದರೆ ನಮ್ಮ ಎಸ್.ಎಸ್.ಎಲ್.ಸಿ.ಯ 625 ಅಂಕಗಳ ಪದ್ಧತಿಯಲ್ಲಿ ಒಂದು ಅಂಕವೆಂದರೆ ಸರಿಯಾಗಿ ಶೇಕಡಾ 0.16. 562 ಅಂಕ ಪಡೆದವನಿಗೆ 89.92, 563 ಪಡೆದವನಿಗೆ 90.08. ಈ ಪದ್ಧತಿಯಲ್ಲಿ ತೇರ್ಗಡೆಯಾದವರಿಗೆಲ್ಲ ಮೂರನೆಯ ಮತ್ತು ನಾಲ್ಕನೆಯ ದಶಮಾಂಶಗಳು ಯಾವಾಗಲೂ ಸೊನ್ನೆಯೇ ಆಗಿರುತ್ತವೆ. ಮೇಲಾಗಿ 0ಯಿಂದ 625ರವರೆಗೆ 626 ಬಗೆಯ ಮೊತ್ತಗಳು ಮಾತ್ರ ಸಾಧ್ಯವಿರುವುದರಿಂದ, 627 ಮಂದಿ ಅರ್ಜಿ ಹಾಕಿದರೆ ಕನಿಷ್ಠ ಇಬ್ಬರಾದರೂ ಸಮವಾಗಲೇಬೇಕು. ಆದುದರಿಂದ ಸಮಾನಾಂಕವು ಆಕಸ್ಮಿಕವಲ್ಲ. ಅದನ್ನು ನಿರೀಕ್ಷಿಸಿ ಮುಂಚಿತವಾಗಿಯೇ ಸಿದ್ಧರಾಗಿರಬೇಕು.

ಒಂದು ಉಪಕರಣ ಕೈಬಿಟ್ಟಾಗ ಇನ್ನೊಂದನ್ನು ಹಿಡಿಯುವುದು ವಿಜ್ಞಾನದ ಕ್ರಮ. ಹಿರಿಯರ 'ಮನಸ್ಸಿಗೆ ತೋಚಿದ್ದು' ಅಂಥ ಎರಡನೆಯ ಉಪಕರಣವಾಗಲಾರದೇಕೆ? ಅದನ್ನು ಯಾರೂ ಎಂದೂ ಪರೀಕ್ಷಿಸಿ ಸರಿಪಡಿಸಿಲ್ಲ. ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನಲ್ಲಿಯೂ ಇಟ್ಟು ನೋಡುತ್ತೇವೆ. ಆದರೆ ಆರಿಸಲ್ಪಡದ ಯುವತಿ ಎಂಥ ಉಪನ್ಯಾಸಕಿಯಾಗುತ್ತಿದ್ದಳು ಎಂಬುದು ಆ ಸಮಿತಿಗೆ ಎಂದಿಗೂ ತಿಳಿಯದು. ಆರಿಸಿದವನು ತಕ್ಕಮಟ್ಟಿಗೆ ಪಾಠ ಹೇಳಿದರೆ ಸಾಕು, "ನನ್ನ ಊಹೆ ಸರಿಯಾಯಿತು" ಎಂದು ಹಿರಿಯರು ತೃಪ್ತರಾಗುತ್ತಾರೆ. ತನ್ನ ತಪ್ಪನ್ನು ಎಂದೂ ಕಾಣದ ಉಪಕರಣ ತಪ್ಪನ್ನು ತಿದ್ದಿಕೊಳ್ಳುವುದು ಹೇಗೆ?

ಅರ್ಜಿಗಳು ನಿಜವಾಗಿ ಸಮವಾಗಿದ್ದಾಗ ಈ ಊಹೆ ಯಾವ ಕಡೆಗೆ ವಾಲುತ್ತದೆಂಬುದನ್ನು ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಪರೀಕ್ಷಿಸಿದ್ದಾರೆ. ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅವರು ಸಮಾನ ಯೋಗ್ಯತೆಯ ಅರ್ಜಿಗಳನ್ನು ಕಳುಹಿಸಿದರು. ಹೆಸರುಗಳನ್ನು ಮಾತ್ರ ಬದಲಿಸಿದರು. 2007ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವಾನುಪಾತವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಅರ್ಜಿಯಲ್ಲಿ ಬೇರೆ ಯಾವ ಕೊರತೆಯೂ ಇರಲಿಲ್ಲ. ಓದಿದವರಲ್ಲಿ ಬಹುಮಂದಿ ತಾವು ಪಕ್ಷಪಾತ ಮಾಡುತ್ತಿದ್ದೇವೆಂದು ಎಣಿಸಿರಲಿಕ್ಕಿಲ್ಲ. ಅವರಿಗೂ 'ನೋಡಿದ ಕೂಡಲೆ' ತಿಳಿದಿರಬೇಕು.

ಹಾಗಾದರೆ ಎರಡನೆಯ ಅಳತೆಗೋಲು ಯಾವುದಾಗಿರಬೇಕು? ಅದು ಹುದ್ದೆಯ ಕೆಲಸಕ್ಕೆ ಸಂಬಂಧಪಟ್ಟಿರಬೇಕು. ಲಕೋಟೆಗಳನ್ನು ಒಡೆಯುವ ಮುನ್ನವೇ ಬರಹದಲ್ಲಿ ನಿಶ್ಚಯವಾಗಿರಬೇಕು. ಈ ಎರಡನೆಯ ನಿಯಮದ ಮಹತ್ವವನ್ನು ನಮ್ಮ ಉದಾಹರಣೆಯಲ್ಲಿಯೇ ಕಾಣಬಹುದು. 'ಪ್ರಯೋಗಾಲಯದ ಅಂಕ ಹೆಚ್ಚಿದ್ದವರಿಗೆ ಪ್ರಾಶಸ್ತ್ಯ' ಎಂದರೆ 14ಕ್ಕೆ 6ರಂತೆ ಯುವತಿ ಗೆಲ್ಲುತ್ತಾಳೆ. 'ಅರ್ಹತಾ ಪರೀಕ್ಷೆಯ ಅಂಕ' ಎಂದರೆ 15ಕ್ಕೆ ಸೊನ್ನೆಯಂತೆ ಯುವಕ ಗೆಲ್ಲುತ್ತಾನೆ. ಎರಡೂ ನ್ಯಾಯವಾದ ವಾದಗಳೇ. ಆದರೆ ಅಂಕಗಳನ್ನು ಕಂಡ ಮೇಲೆ ಇವುಗಳಲ್ಲಿ ಒಂದನ್ನು ಆಯ್ದರೆ, ಆಯ್ದದ್ದು ನಿಯಮವನ್ನಲ್ಲ, ವ್ಯಕ್ತಿಯನ್ನು. ಆ ಹುದ್ದೆಯಲ್ಲಿ ವಾರದ ಬಹುಪಾಲು ವೇಳೆ ಪ್ರಯೋಗಾಲಯದಲ್ಲಿಯೇ ಕಳೆಯಬೇಕಾಗಿತ್ತು. ಆದಕಾರಣ ಮುಂಚಿತವಾಗಿ ಯೋಚಿಸಿದ್ದರೆ ಪ್ರಯೋಗಾಲಯವನ್ನೇ ಮೊದಲ ಸ್ಥಾನದಲ್ಲಿ ಬರೆಯುತ್ತಿದ್ದೆವು ಎಂದು ನನ್ನ ಅಭಿಪ್ರಾಯ.

ಅಲ್ಲಿಯೂ ಸಮವಾದರೆ ಹೊಸ ಅಳತೆ ಬೇಕು. ಇಬ್ಬರಿಗೂ ಒಂದೇ ಸರಳ ಲೋಲಕವನ್ನು ಕೊಟ್ಟು, ಅರ್ಧ ಗಂಟೆಯೊಳಗೆ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿದು ದೋಷದ ಮಿತಿಯನ್ನು ಬರೆಯಲು ಹೇಳಬಹುದು. ಬರೆದ ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆಯಿರಲಿ. ಇಬ್ಬರು ಪರೀಕ್ಷಕರು ಪರಸ್ಪರ ಸಮಾಲೋಚಿಸದೆ ಅಂಕ ಕೊಡಲಿ. ಅವರ ಅಂಕಗಳಲ್ಲಿ ಬಹಳ ಅಂತರ ಕಂಡರೆ, ದೋಷ ಅಭ್ಯರ್ಥಿಯದಲ್ಲ, ಅಳತೆಯದು ಎಂದು ತಿಳಿಯಬೇಕು.

ಅನೇಕ ಕಡೆ ಇಂಥ ಸಂದರ್ಭದಲ್ಲಿ ವಯಸ್ಸನ್ನು ನೋಡುತ್ತಾರೆ. ಮೇಲೆ ಹೇಳಿದ ಅಂಚೆಯ ಹುದ್ದೆಯಲ್ಲಿ ಹಿರಿಯರಿಗೆ ಪ್ರಾಶಸ್ತ್ಯ. 2020ರ ನೀಟ್ ಪರೀಕ್ಷೆಯಲ್ಲಿ ಇಬ್ಬರು 720ಕ್ಕೆ 720 ಅಂಕ ಪಡೆದಾಗ ಹಿರಿಯನಿಗೆ ಒಂದನೆಯ ಸ್ಥಾನ, ಕಿರಿಯಳಿಗೆ ಎರಡನೆಯದು ದೊರೆಯಿತು. ವಯಸ್ಸನ್ನು ಯಾರೂ ತಿರುಚಲಾರರೆಂಬುದು ಇದರ ಗುಣ. ಜನ್ಮದಿನಕ್ಕೂ ಯೋಗ್ಯತೆಗೂ ಸಂಬಂಧವಿಲ್ಲದಿರುವುದು ಇದರ ದೋಷ. ಯೋಗ್ಯತೆಯ ಅಳತೆಗಳೆಲ್ಲ ಮುಗಿದ ಮೇಲೆ, ಎಲ್ಲರೆದುರು ಚೀಟಿ ಎತ್ತುವುದೇ ಲೇಸೆಂದು ನನಗೆ ತೋರುತ್ತದೆ. ಇದನ್ನು ಕೇಳಿ ನಗುವವರುಂಟು. ಆದರೆ ಚುನಾವಣೆಯಲ್ಲಿ ಮತಗಳು ಸಮವಾದರೆ ಚೀಟಿಯಿಂದಲೇ ನಿರ್ಣಯಿಸಬೇಕೆಂದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 65ನೆಯ ಕಲಮು ವಿಧಿಸುತ್ತದೆ. ಚೀಟಿಗೆ ಜಾತಿ ತಿಳಿಯದು, ಊರು ತಿಳಿಯದು, ಅಕ್ಷರದ ಅಂದವೂ ತಿಳಿಯದು. ಇನ್ನು ಅಳೆಯಲು ನಮ್ಮಲ್ಲಿ ಏನೂ ಉಳಿದಿಲ್ಲವೆಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ.

ಆ ದಿನ ಚೀಟಿ ಎತ್ತಿದ್ದರೂ ಯುವಕನೇ ಗೆಲ್ಲುವ ಸಂಭವ ಅರ್ಧದಷ್ಟಿತ್ತು. ಆಗ ನನಗೆ ಯಾವ ದೂರೂ ಇರುತ್ತಿರಲಿಲ್ಲ. ಯಂಕಂಚಿಯ ಆ ಯುವತಿ ಏಕೆ ಆಯ್ಕೆಯಾಗಲಿಲ್ಲವೆಂದು ಕೇಳಿದ್ದರೆ, ಆಕೆಗೆ ತೋರಿಸಲು ನಮ್ಮ ಕೈಯಲ್ಲಿ ಒಂದು ಸಾಲಿನ ನಿಯಮವೂ ಇರಲಿಲ್ಲ. ಮುಂದೆ ನಿಮ್ಮಲ್ಲಿ ಯಾರಾದರೂ ಅಂಥ ಸಮಿತಿಯಲ್ಲಿ ಕುಳಿತರೆ, ಲಕೋಟೆಗಳನ್ನು ಒಡೆಯುವ ಮುನ್ನ ಆ ಒಂದು ಸಾಲನ್ನು ಬರೆದಿಡಿರಿ. ನಾನು ಅಂದು ಬರೆಯಲಿಲ್ಲ.