ಊಟದ ಲೆಕ್ಕವಿತ್ತು, ಭೇದಿಯ ಲೆಕ್ಕವಿರಲಿಲ್ಲ



2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ನದೀತೀರದ ಅನೇಕ ಶಾಲೆಗಳು ಕಾಳಜಿ ಕೇಂದ್ರಗಳಾದುದು ನಿಮಗೆ ನೆನಪಿರಬಹುದು. ಅಂತಹ ಒಂದು ಶಾಲೆಯಲ್ಲಿ ನಾಲ್ಕು ದಿನ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ನಿವೃತ್ತ ಗಣಿತದ ಮೇಷ್ಟ್ರಿಗೆ ಬೇರೇನು ತಾನೇ ಒಪ್ಪಿಸಿಯಾರು! ಎಷ್ಟು ಜನ ಉಂಡರು, ಎಷ್ಟು ಹೊದಿಕೆ ಹಂಚಲಾಯಿತು ಎಂಬುದಕ್ಕೆಲ್ಲ ಪುಸ್ತಕದಲ್ಲಿ ಕಾಲಂ ಇತ್ತು. ಇಂದು ಎಷ್ಟು ಜನರಿಗೆ ಭೇದಿಯಾಯಿತು, ಎಷ್ಟು ಜನರಿಗೆ ಜ್ವರ ಬಂದಿತು ಎಂಬುದಕ್ಕೆ ಮಾತ್ರ ಇರಲಿಲ್ಲ. ಪ್ರವಾಹದ ನಂತರದ ಆರೋಗ್ಯರಕ್ಷಣೆಯಲ್ಲಿ ಔಷಧಿಯ ಪೆಟ್ಟಿಗೆಗಿಂತ ಮೊದಲು ಬೇಕಾದುದು ಆ ಕಾಲಂ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಕೇಂದ್ರದಲ್ಲಿ 400 ಜನರಿದ್ದಾರೆ, ದಿನಕ್ಕೆ ಐವರಿಗೆ ಭೇದಿಯಾಗುತ್ತಿದೆ ಎಂದಿಟ್ಟುಕೊಳ್ಳಿ. ಮೂರು ದಿನಗಳ ಬಳಿಕ 150 ಜನ ನೆಂಟರ ಮನೆಗಳಿಗೆ ಹೊರಟುಹೋದರು. ಆ ದಿನವೂ ಐವರೇ ಹೊಸ ರೋಗಿಗಳು. ‘ಏರಿಲ್ಲ, ಇಳಿದಿಲ್ಲ’ ಎಂದು ವರದಿ ಹೋಗುತ್ತದೆ. ಆದರೆ ಸಾವಿರಕ್ಕೆ ಹನ್ನೆರಡೂವರೆಯಷ್ಟಿದ್ದ ಪ್ರಮಾಣ ಈಗ ಸಾವಿರಕ್ಕೆ ಇಪ್ಪತ್ತಾಗಿದೆ! ಆದ್ದರಿಂದ ರೋಗಿಗಳನ್ನು ಎಣಿಸುವವರು ಪ್ರತಿದಿನ ಬೆಳಿಗ್ಗೆ ತಲೆಗಳನ್ನೂ ಎಣಿಸಬೇಕು. ಏಳನೆಯ ತರಗತಿಯಲ್ಲಿ ಛೇದವನ್ನು ಮರೆತವರ ಕಿವಿ ಹಿಂಡಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು.

ಇನ್ನೊಂದು ಸಂಗತಿ, ಆ ರೋಗಿಗಳು ಯಾವ ಕೊಠಡಿಯವರು, ಯಾವ ತೊಟ್ಟಿಯ ನೀರು ಕುಡಿದವರು ಎಂಬುದು. ನಾಲ್ಕನೆಯ ದಿನ ಒಂಬತ್ತು ಜನರಿಗೆ ಭೇದಿಯಾಗಿ, ಅವರಲ್ಲಿ ಏಳು ಜನ ಹಿತ್ತಲಿನ ತೊಟ್ಟಿಯ ನೀರು ಕುಡಿದವರೆಂದು ತಿಳಿದರೆ, ಮೊದಲು ಅನುಮಾನಿಸಬೇಕಾದುದು ಆ ತೊಟ್ಟಿಯನ್ನೇ. ನಲ್ಲಿಯ ನೀರಿಗೆ ಕ್ಲೋರಿನ್ ಪರೀಕ್ಷೆ ಮಾಡಿದರೆ ವಿಷಯ ಹೊರಬೀಳುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆಯಾದ ಮೇಲೂ ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ನೀರು ಬಗ್ಗಡವಾಗಿದ್ದರೆ ಕೆಸರೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ತೇವದಲ್ಲಿ ಬಹುಕಾಲ ಬಿದ್ದಿದ್ದ ಪುಡಿಯಲ್ಲಿ ವಾಸನೆ ಉಳಿದಿರುತ್ತದೆಯೇ ಹೊರತು ಸತ್ತ್ವ ಉಳಿದಿರುವುದಿಲ್ಲ. ಅಂಗಳದ ಸುತ್ತ ರಂಗೋಲಿಯಂತೆ ಬಿಳಿಯ ಪುಡಿ ಚೆಲ್ಲಿ ಛಾಯಾಚಿತ್ರ ತೆಗೆಸಿಕೊಳ್ಳುವವರು ತೊಟ್ಟಿಯೊಳಗೆ ಇಣುಕಿ ನೋಡದಿದ್ದರೆ ಫಲವೇನು?

ಎಲ್ಲದಕ್ಕೂ ಸಂಜೆಯ ಮೊತ್ತಕ್ಕಾಗಿ ಕಾಯುವಂತಿಲ್ಲ. ಅಕ್ಕಿ ತೊಳೆದ ನೀರಿನಂತಹ ಭೇದಿಯಾಗಿ ವಯಸ್ಕರೊಬ್ಬರು ಕೆಲವೇ ಗಂಟೆಗಳಲ್ಲಿ ಬಸವಳಿದರೆ, ಅಥವಾ ಮಗುವಿಗೆ ಜ್ವರದೊಡನೆ ದಡಾರದ ಗುಳ್ಳೆಗಳೆದ್ದರೆ, ಆ ಒಂದೇ ಪ್ರಕರಣ ಸಾಕು. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಅಲ್ಲಿಂದ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಸುದ್ದಿ ಮುಟ್ಟಬೇಕು. ಯಾರಿಗೂ ಏನೂ ಆಗದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟ ಮನೆಯಿಂದ ರೋಗವಿರಲಿಲ್ಲವೋ, ಕೇಳುವವರಿರಲಿಲ್ಲವೋ ತಿಳಿಯುವುದಿಲ್ಲ.

ವಿಪತ್ತು ನಿರ್ವಹಣೆಯನ್ನು ಪುಸ್ತಕಗಳಲ್ಲಿ ಒಂದು ಚಕ್ರವಾಗಿ ಬಿಡಿಸುತ್ತಾರೆ: ಅಪಾಯ ತಗ್ಗಿಸುವಿಕೆ, ಪೂರ್ವಸಿದ್ಧತೆ, ತುರ್ತು ಸ್ಪಂದನೆ, ಪುನಶ್ಚೇತನ, ಮರಳಿ ಮೊದಲಿಗೆ. ನಾನು ಕಂಡಂತೆ ಈ ಚಕ್ರ ಹೆಚ್ಚಾಗಿ ಮುರಿಯುವುದು ಸ್ಪಂದನೆ ಮುಗಿದು ಪುನಶ್ಚೇತನ ಆರಂಭವಾಗುವ ಜಾಗದಲ್ಲಿ. ನೀರು ಇಳಿಯಿತು, ಕೇಂದ್ರಕ್ಕೆ ಬೀಗ ಬಿದ್ದಿತು, ಲೆಕ್ಕದ ಪುಸ್ತಕ ಕಪಾಟು ಸೇರಿತು. ರೋಗಗಳಿಗೆ ಈ ದಿನಾಂಕ ಗೊತ್ತಿಲ್ಲವಲ್ಲ! ಕಾಲರಾ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ತೋರಿಕೊಳ್ಳುತ್ತದೆ. ಅದು ಕೇಂದ್ರದಲ್ಲಿಯೇ ಕಣ್ಣಿಗೆ ಬಿದ್ದೀತು. ಇಲಿ ಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಕಲುಷಿತ ನೀರಿನಿಂದ ಬರುವ ಕಾಮಾಲೆಗೆ ಎರಡರಿಂದ ಆರೇಳು ವಾರಗಳೇ ಹಿಡಿಯುತ್ತವೆ, ಮತ್ತು ಅದರ ‘ಇ’ ಬಗೆ ಗರ್ಭಿಣಿಯರ ಪ್ರಾಣಕ್ಕೇ ಎರವಾಗಬಲ್ಲದು. ಇವು ಕಾಣಿಸಿಕೊಳ್ಳುವ ಹೊತ್ತಿಗೆ ರೋಗಿ ಚದುರಿದ ಊರಿನ ಯಾವುದೋ ಮನೆಯಲ್ಲಿರುತ್ತಾನೆ.

ಕೇರಳದ 2018ರ ಪ್ರವಾಹದಲ್ಲಿ ಹೀಗೆಯೇ ಆಯಿತು. ನೀರಿಳಿದ ಮೇಲೆ ಜನರು ಮರಳಿ ಬಂದು ಬರಿಗಾಲಿನಲ್ಲಿ ಮನೆಯ ಕೆಸರು ಎತ್ತತೊಡಗಿದರು; ಆಗಸ್ಟ್ ಕೊನೆಯಿಂದ ಇಲಿ ಜ್ವರ ಏರಿತು. ಅಲ್ಲಿಯ ಆರೋಗ್ಯ ಇಲಾಖೆ ನಿತ್ಯದ ಲೆಕ್ಕವನ್ನು ನಿಲ್ಲಿಸಿರಲಿಲ್ಲ. ಕೆಸರಿನಲ್ಲಿ ಕೆಲಸ ಮಾಡುವ ವಯಸ್ಕರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಸೇವಿಸಬೇಕೆಂದು ಅದು ಸೂಚಿಸಿತು. (ಮಕ್ಕಳಿಗೂ ಗರ್ಭಿಣಿಯರಿಗೂ ಈ ಮಾತ್ರೆ ಸಲ್ಲದು, ವೈದ್ಯರನ್ನೇ ಕೇಳಬೇಕು.)

ಹೀಗಾಗಿ ಕೇಂದ್ರ ಮುಚ್ಚುವ ದಿನ ಪ್ರತಿ ಕುಟುಂಬ ಯಾವ ಊರಿನ ಯಾವ ಓಣಿಗೆ ಹೋಗುತ್ತಿದೆ ಎಂದು ಬರೆದುಕೊಂಡು, ಆ ಪಟ್ಟಿಯನ್ನು ಅಲ್ಲಿಯ ಆಶಾ ಕಾರ್ಯಕರ್ತೆಗೆ ಒಪ್ಪಿಸಬೇಕು. ಕನಿಷ್ಠ ಆರು ವಾರ ಆಕೆ ಮನೆಮನೆಗೆ ಹೋಗಿ ಜ್ವರ, ಭೇದಿ, ಕಾಮಾಲೆಗಳ ವಿಚಾರಿಸಬೇಕು. ಆಕೆಯ ಮೇಲೆ ಈಗಾಗಲೇ ಹತ್ತು ಹೊರೆಗಳಿವೆ. ಈ ಆರು ವಾರಗಳಿಗೆ ಪ್ರತ್ಯೇಕ ಗೌರವಧನ ಕೊಡದೆ ಕೆಲಸ ಹೇರುವುದು ನ್ಯಾಯವಲ್ಲ.

ನಾನು ನಾಲ್ಕನೆಯ ದಿನ ಅಡಿಪಟ್ಟಿ ಹಿಡಿದು ಊಟದ ಪುಸ್ತಕದ ಬಲಬದಿಯಲ್ಲಿ ಎರಡು ಗೆರೆ ಎಳೆದು, ‘ಭೇದಿ’, ‘ಜ್ವರ’ ಎಂದು ಬರೆದೆ. ಮರುದಿನ ನನ್ನ ಪಾಳಿ ಮುಗಿಯಿತು. ಮುಂದೆ ಯಾರಾದರೂ ಅದನ್ನು ತುಂಬಿದರೋ ಇಲ್ಲವೋ, ಇಂದಿಗೂ ತಿಳಿಯದು.